ಮೂರು, ಮೂರನೇ, ಮೂರರಷ್ಟು: ಒಂದು ಗಣಿತ ಪ್ರಶ್ನೆಪತ್ರಿಕೆ ತಿದ್ದಿದ ಅನುಭವ

"ಒಂದು ತೋಟದಲ್ಲಿ 24 ತೆಂಗಿನ ಮರಗಳಿವೆ. ಅಡಿಕೆ ಮರಗಳು ಅದಕ್ಕಿಂತ ಮೂರು ಪಟ್ಟು ಹೆಚ್ಚಾಗಿವೆ. ಅಡಿಕೆ ಮರಗಳೆಷ್ಟು?"

ನಮ್ಮ ಶಾಲೆಯ ಆರನೇ ತರಗತಿಯ ಕಿರುಪರೀಕ್ಷೆಯಲ್ಲಿ ಬಂದ ಪ್ರಶ್ನೆ ಇದು. ನಾನು ಅಲ್ಲಿ ಕನ್ನಡ ಪಾಠ ಮಾಡುತ್ತೇನೆ. ಗಣಿತದ ಸರ್ ಉತ್ತರ ಪತ್ರಿಕೆಗಳ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟು, "ಮೇಡಂ, ಇದು ನನ್ನ ವಿಷಯಾನೋ ನಿಮ್ಮ ವಿಷಯಾನೋ, ನೀವೇ ನೋಡಿ" ಅಂದರು. ಹೆಚ್ಚಿನ ಮಕ್ಕಳು 72 ಅಂತ ಬರೆದಿದ್ದರು. ಉತ್ತರಸೂಚಿಯಲ್ಲಿ ಇದ್ದದ್ದೂ ಅದೇ. ಆದರೆ ಕೆಲವರು 96 ಬರೆದಿದ್ದರು, ಇಬ್ಬರು 27 ಬರೆದಿದ್ದರು. ಇವರಲ್ಲಿ ಯಾರಿಗೂ ಮಗ್ಗಿ ಬರದೇ ಇಲ್ಲ. "ಮೂರು ಇಪ್ಪತ್ತನಾಲ್ಕು ಎಷ್ಟು?" ಅಂತ ಬಾಯಲ್ಲಿ ಕೇಳಿದರೆ ತಕ್ಷಣ ಹೇಳುತ್ತಾರೆ. ಅಂದರೆ ತೊಂದರೆ ಲೆಕ್ಕದಲ್ಲಿರಲಿಲ್ಲ, ಪ್ರಶ್ನೆಯ ವಾಕ್ಯದಲ್ಲಿತ್ತು.

96 ಬರೆದ ಹುಡುಗಿಯನ್ನು ಕರೆದು ಕೇಳಿದೆ. "ಮಿಸ್, ಇಪ್ಪತ್ತನಾಲ್ಕರ ಮೂರು ಪಟ್ಟು ಎಪ್ಪತ್ತೆರಡು. ಅಷ್ಟು ಹೆಚ್ಚಿದೆ ಅಂತ ಇದೆಯಲ್ಲ, ಅದಕ್ಕೆ ಇಪ್ಪತ್ತನಾಲ್ಕಕ್ಕೆ ಕೂಡಿಸಿದೆ" ಅಂದಳು. ವಾಕ್ಯವನ್ನು ಅಕ್ಷರಶಃ ಓದಿದರೆ ಅವಳು ಹೇಳಿದ್ದು ಸರಿ. "ಅದಕ್ಕಿಂತ ಹತ್ತು ಹೆಚ್ಚು" ಅಂದರೆ ಇದ್ದದ್ದರ ಮೇಲೆ ಹತ್ತು ಕೂಡಿಸುತ್ತೇವೆ. ಹಾಗಿರುವಾಗ "ಅದಕ್ಕಿಂತ ಮೂರು ಪಟ್ಟು ಹೆಚ್ಚು" ಅಂದರೂ ಕೂಡಿಸಬೇಕಲ್ವಾ? ಮುಂದೆ ಇದೇ ಮಕ್ಕಳು ಶೇಕಡಾ ಲೆಕ್ಕ ಕಲಿಯುವಾಗ ಇದು ಇನ್ನೂ ಬಿಗಿಯಾಗುತ್ತದೆ. 24ರ ಶೇಕಡಾ 50ರಷ್ಟು ಅಂದರೆ 12. 24ಕ್ಕಿಂತ ಶೇಕಡಾ 50ರಷ್ಟು ಹೆಚ್ಚು ಅಂದರೆ 36. ಅಲ್ಲಿ "ಹೆಚ್ಚು" ಬಂದ ಕೂಡಲೇ ಕೂಡಿಸಬೇಕು ಅಂತ ನಾವೇ ಕಲಿಸುತ್ತೇವೆ. ಇಲ್ಲಿ ಮಾತ್ರ "ಹೆಚ್ಚು" ಇದ್ದರೂ ಕೂಡಿಸಬೇಡ ಅನ್ನುವುದು ನ್ಯಾಯವಲ್ಲ. ದಿನಬಳಕೆಯಲ್ಲಿ, ಪತ್ರಿಕೆಗಳಲ್ಲಿ "ಮೂರು ಪಟ್ಟು ಹೆಚ್ಚು" ಅನ್ನುವುದನ್ನು ಸುಮ್ನೆ "ಮೂರು ಪಟ್ಟು" ಅನ್ನುವ ಅರ್ಥದಲ್ಲೇ ಬಳಸುತ್ತಾರೆ, ನಿಜ. ಆದರೆ ಅಂಕ ಕೊಡುವ ಪ್ರಶ್ನೆಯಲ್ಲಿ ಎರಡು ಅರ್ಥ ಇರಬಾರದು. 72ಕ್ಕೂ 96ಕ್ಕೂ ಪೂರ್ತಿ ಅಂಕ ಕೊಡುವುದು ಅಂತ ಇಬ್ಬರೂ ತೀರ್ಮಾನಿಸಿದೆವು. ಆ ಪತ್ರಿಕೆ ಇಂಗ್ಲಿಷಿನಿಂದ ಅನುವಾದವಾಗಿ ಬಂದದ್ದು. ಮುಂದಿನ ಕಿರುಪರೀಕ್ಷೆಗೆ ಪ್ರಶ್ನೆಗಳನ್ನು ನಾವೇ ಕನ್ನಡದಲ್ಲಿ ಬರೆಯುವುದು ಅಂತಲೂ ಆಯಿತು. ಸರ್ ಲೆಕ್ಕ ಕೊಡುವುದು, ನಾನು ವಾಕ್ಯ ನೋಡುವುದು.

ಮೊದಲು ಹಿಡಿದದ್ದು ಈ ತೋಟದ ಪ್ರಶ್ನೆಯನ್ನೇ. "ಅದಕ್ಕಿಂತ" ಮತ್ತು "ಹೆಚ್ಚು" ಎರಡನ್ನೂ ತೆಗೆದು "ಅಡಿಕೆ ಮರಗಳ ಸಂಖ್ಯೆ ತೆಂಗಿನ ಮರಗಳ ಸಂಖ್ಯೆಯ ಮೂರರಷ್ಟಿದೆ" ಅಂತ ಬರೆದೆ. 96 ಬರುವ ದಾರಿ ಇಲ್ಲಿ ಮುಚ್ಚಿತು. ಸರ್ ಅದನ್ನು ಬೋರ್ಡಿನ ಮೇಲೆ ಬರೆದು ಓದಿಸಿದರು. ಆಗ ಇನ್ನೊಂದು ವಿಷಯ ಹೊರಗೆ ಬಂತು. ಹಲವು ಮಕ್ಕಳಿಗೆ "ಮೂರರಷ್ಟು" ಅನ್ನುವ ಪದವೇ ಬಿಡಿಸಿಕೊಳ್ಳಲು ಬರುತ್ತಿರಲಿಲ್ಲ. "ಡಬಲ್ ಅಂದ್ರೆ ಗೊತ್ತು ಮಿಸ್, ಎರಡರಷ್ಟು ಅಂದ್ರೆ ಗೊತ್ತಿಲ್ಲ" ಅಂತ ಒಬ್ಬ ನೇರವಾಗಿಯೇ ಹೇಳಿದ. 27 ಬರೆದ ಇಬ್ಬರ ಕಥೆಯೂ ಆಗ ಗೊತ್ತಾಯಿತು. ಅವರು "ಪಟ್ಟು" ಅನ್ನುವುದನ್ನು ಹಾರಿಸಿ "ಮೂರು ಹೆಚ್ಚು" ಅಂತ ಓದಿಕೊಂಡಿದ್ದರು.

ಹಾಗಾಗಿ ಒಂದು ಕನ್ನಡ ಅವಧಿಯನ್ನು ಇದಕ್ಕೇ ಇಟ್ಟುಕೊಂಡೆ. ಎರಡು, ಮೂರು, ನಾಲ್ಕು ಇವು ವಾಕ್ಯದೊಳಗೆ ಬಂದಾಗ ಸುಮ್ಮನೆ ನಿಲ್ಲುವುದಿಲ್ಲ, ನಾಮಪದದ ಹಾಗೆ ವಿಭಕ್ತಿ ಹಚ್ಚಿಕೊಳ್ಳುತ್ತವೆ. ಮೂರನ್ನು, ಮೂರಕ್ಕೆ, ಮೂರರಿಂದ, ಮೂರರ, ಮೂರರಲ್ಲಿ. "ಹನ್ನೆರಡನ್ನು ಮೂರರಿಂದ ಭಾಗಿಸಿ" ಅನ್ನುವಾಗ ಮಕ್ಕಳು ಇದನ್ನೆಲ್ಲ ಸಲೀಸಾಗಿ ಹೇಳುತ್ತಾರೆ. ಅದೇ "ಮೂರರ" ಪಕ್ಕದಲ್ಲಿ "ಅಷ್ಟು" ಬಂದು ಕೂತರೆ ಮೂರರಷ್ಟು. ಒಂದರಷ್ಟು, ಎರಡರಷ್ಟು, ಹತ್ತರಷ್ಟು, ನೂರರಷ್ಟು, ಎಲ್ಲ ಒಂದೇ ಅಚ್ಚು. ನಡುವಿನ "ರ" ಬಿಟ್ಟು "ಎರಡಷ್ಟು, ಮೂರಷ್ಟು" ಅನ್ನುವುದು ಆಡುಮಾತಿನಲ್ಲಿ ಇದೆ. ಮಾತಿನಲ್ಲಿ ಹಾಗಂದರೆ ನಾನು ತಿದ್ದುವುದಿಲ್ಲ. ಬರೆಯುವಾಗ ಮಾತ್ರ "ರ" ಹಾಕಿಸುತ್ತೇನೆ, ಯಾಕೆಂದರೆ "ಯಾವುದರ ಅಷ್ಟು?" ಅನ್ನುವ ಪ್ರಶ್ನೆಗೆ ಉತ್ತರ ಆ "ರ"ದಲ್ಲೇ ಇದೆ.

ಅಂಕಿಯಲ್ಲಿ ಬರೆದಾಗ ಇನ್ನೊಂದು ತೊಡಕು. 24ರ, 100ರ ಅಂತ ಬರೆದದ್ದನ್ನು ಇಪ್ಪತ್ತನಾಲ್ಕರ, ನೂರರ ಅಂತ ಓದುತ್ತೇವೆ. ಅದೇ ಅಭ್ಯಾಸದಲ್ಲಿ ಪತ್ರಿಕೆಯಲ್ಲಿ "1000ರ ಅರ್ಧ" ಅಂತ ಅಚ್ಚಾಗಿತ್ತು. ಜೋರಾಗಿ ಓದಿದ ಹುಡುಗ "ಸಾವಿರರ" ಅಂದು ಅಲ್ಲೇ ನಿಂತುಬಿಟ್ಟ. ಸಾವಿರ, ಲಕ್ಷ ಇವು ಅಕಾರದಲ್ಲಿ ಮುಗಿಯುವ ಪದಗಳು, ಮರ ಮರದ ಆದ ಹಾಗೆ ಸಾವಿರದ, ಲಕ್ಷದ ಆಗುತ್ತವೆ. ಕೋಟಿ ಮಾತ್ರ ಕೋಟಿಯ. ಹಾಗಾಗಿ "ಸಾವಿರದ ಅರ್ಧ" ಅಂತ ಅಕ್ಷರದಲ್ಲೇ ಬರೆದೆವು. ಬರೆದ ಪ್ರಶ್ನೆಯನ್ನು ಒಮ್ಮೆ ಬಾಯಿಬಿಟ್ಟು ಓದಿದರೆ ಇಂಥವು ತಾವಾಗಿಯೇ ಸಿಕ್ಕಿಬೀಳುತ್ತವೆ.

ಪಾಠ "ಮಡಿ"ಗೆ ಬಂದಾಗ ತರಗತಿ ನಿಜಕ್ಕೂ ಎದ್ದು ಕೂತಿತು. ಎರಡರಷ್ಟು ಅನ್ನುವುದಕ್ಕೆ ಇಮ್ಮಡಿ, ಮೂರರಷ್ಟು ಅನ್ನುವುದಕ್ಕೆ ಮುಮ್ಮಡಿ ಅಂತಲೂ ಹೇಳುತ್ತೇವೆ. ಒಂದು ಹಾಳೆ ತೆಗೆದುಕೊಂಡು ನಡುವೆ ಮಡಿಸಿ ತೋರಿಸಿದೆ. ಎರಡು ಪದರ, ಇಮ್ಮಡಿ. "ಈಗ ಮುಮ್ಮಡಿ ಮಾಡಿ" ಅಂದೆ. ಎಲ್ಲರೂ ಮಡಿಸಿದ ಹಾಳೆಯನ್ನು ಇನ್ನೊಮ್ಮೆ ನಡುವೆ ಮಡಿಸಿದರು. ಪದರ ಎಣಿಸಿ ಅಂದೆ. ನಾಲ್ಕು! ಮಡಿ ಅಂದರೆ ಎಷ್ಟು ಸಲ ಮಡಿಸಿದೆವು ಅನ್ನುವುದಲ್ಲ, ಎಷ್ಟು ಪದರ ಆಯಿತು ಅನ್ನುವುದು. ಎರಡು ಸಲ ನಡುವೆ ಮಡಿಸಿದರೆ ನಾಲ್ಮಡಿ ಆಗುತ್ತದೆ. ಮುಮ್ಮಡಿ ಬೇಕಾದರೆ ಕಾಗದವನ್ನು ಮೂರು ಸಮಪಾಲಾಗಿ ಮಡಿಸಬೇಕು, ಲಕೋಟೆಗೆ ಪತ್ರ ಹಾಕುವಾಗ ಮಡಿಸುತ್ತೇವಲ್ಲ, ಹಾಗೆ. "ಬೆಲೆ ಎರಡು ಸಲ ಇಮ್ಮಡಿಯಾಯಿತು, ಈಗ ಮೊದಲಿನ ಎಷ್ಟರಷ್ಟು?" ಅನ್ನುವ ಪ್ರಶ್ನೆಗೆ "ಮೂರರಷ್ಟು" ಅಂತ ಬರೆಯುವ ಮಕ್ಕಳಿದ್ದಾರೆ. ಈ ಹಾಳೆ ಕೈಯಲ್ಲಿದ್ದರೆ ನಾಲ್ಕರಷ್ಟು ಅನ್ನುವುದು ಕಣ್ಣಿಗೇ ಕಾಣುತ್ತದೆ.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಪ್ರಶ್ನೆ ಬಂತು. "ಮಿಸ್, ಹಾಗಾದ್ರೆ ಇಮ್ಮಡಿ ಪುಲಕೇಶಿ ಅಂದ್ರೆ ಎರಡರಷ್ಟು ಪುಲಕೇಶಿನಾ?" ಎಲ್ಲರೂ ನಕ್ಕರು. ಆದರೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಆ ದಿನ ಬರಲಿಲ್ಲ. ಅರಸರ ಹೆಸರಿನಲ್ಲಿ ಈ ಪದಗಳು ಪಟ್ಟು ತೋರಿಸುವುದಿಲ್ಲ, ಕ್ರಮ ತೋರಿಸುತ್ತವೆ. ಏಳನೇ ಶತಮಾನದಲ್ಲಿ ಬಾದಾಮಿಯಿಂದ ಆಳಿದ ಇಮ್ಮಡಿ ಪುಲಕೇಶಿ ಅಂದರೆ ಆ ಹೆಸರಿನ ಎರಡನೆಯ ಅರಸ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ ಆ ಹೆಸರಿನ ಮೂರನೆಯವರು. ನಾಲ್ವಡಿ ಕೃಷ್ಣರಾಜ ಒಡೆಯರ್ ನಾಲ್ಕನೆಯವರು. ಲೆಕ್ಕದಲ್ಲಿ ನಾಲ್ಮಡಿ ಅನ್ನುವುದು ಅವರ ಹೆಸರಿನಲ್ಲಿ ನಾಲ್ವಡಿ ಅಂತ ನಿಂತಿದೆ. ಸಮಾಜ ವಿಜ್ಞಾನದ ಉತ್ತರದಲ್ಲಿ ಇಮ್ಮಡಿ ಅಂದರೆ ಎರಡನೆಯ, ಗಣಿತದ ಉತ್ತರದಲ್ಲಿ ಇಮ್ಮಡಿ ಅಂದರೆ ಎರಡರಷ್ಟು. ಪಕ್ಕದಲ್ಲಿರುವ ಪದ ಏನು ಅಂತ ನೋಡಿದರೆ ಸಾಕು. ಅರಸರ ಹೆಸರಿದ್ದರೆ ಕ್ರಮ. ಬೆಲೆ, ಬೆಳೆ, ಸಂಬಳ, ಸಂತೋಷ ಇಂಥದ್ದಿದ್ದರೆ ಪಟ್ಟು.

ಆ ಗುಂಗಿನಲ್ಲೇ ಇನ್ನೊಂದು ಮಾಡಿಸಿದೆ. ಇಮ್ಮಡಿ, ಇಬ್ಬರು, ಇಪ್ಪತ್ತು, ಇನ್ನೂರು. ಇವುಗಳಲ್ಲಿ "ಎರಡು" ಎಲ್ಲಿದೆ? ಎಲ್ಲ "ಇ"ಯಿಂದಲೇ ಶುರುವಾಗುತ್ತವೆ ಅಂತ ಮಕ್ಕಳೇ ಕಂಡುಕೊಂಡರು. ಆಮೇಲೆ ಮೂರರದ್ದು: ಮುಮ್ಮಡಿ, ಮೂವರು, ಮೂವತ್ತು, ಮುನ್ನೂರು. ಐದರದ್ದು: ಐವರು, ಐವತ್ತು, ಐನೂರು. ಮುಕ್ಕಾಲು ಅನ್ನುವುದನ್ನು ನಾನು ಕೊಡಲಿಲ್ಲ, ಒಬ್ಬಳು ತಾನೇ ಹುಡುಕಿದಳು: ಮೂರು ಕಾಲು ಸೇರಿ ಮುಕ್ಕಾಲು. ಕನ್ನಡ ಪರೀಕ್ಷೆಯಲ್ಲಿ "ನಾಲ್ಕು, ಹತ್ತು, ಇಮ್ಮಡಿ, ನೂರು: ಗುಂಪಿಗೆ ಸೇರದ ಪದ ಯಾವುದು?" ಅಂತ ಕೇಳುತ್ತಾರೆ. ಬರೀ ಸಂಖ್ಯೆ ಹೇಳುವುದು ಸಂಖ್ಯಾವಾಚಕ. ಆ ಸಂಖ್ಯೆಯಿಂದ ಹುಟ್ಟಿದ ಇಬ್ಬರು, ಎರಡನೆಯ, ಇಮ್ಮಡಿ ಇಂಥವು ಸಂಖ್ಯೇಯವಾಚಕ. ಹಾಗಾಗಿ ಉತ್ತರ ಇಮ್ಮಡಿ. ಈ ಎರಡು ಹೆಸರುಗಳನ್ನು ಬಾಯಿಪಾಠ ಮಾಡಿಸಿದಾಗ ಒಂದು ವಾರದಲ್ಲಿ ಅದಲುಬದಲಾಗಿಬಿಡುತ್ತವೆ. ಮೊದಲು ಪದಗಳ ಜೊತೆ ಓಡಾಡಿ ಆಮೇಲೆ ಹೆಸರು ಹೇಳಿದರೆ ನಿಲ್ಲುತ್ತವೆ ಅನ್ನುವುದು ನಾನು ಕಂಡದ್ದು.

ಇಷ್ಟೆಲ್ಲ ಆದ ಮೇಲೂ ಸರ್ ಹೆಚ್ಚು ಹೆದರಿದ್ದು ಭಿನ್ನರಾಶಿಗೆ. "ಇದೇ ಮೇಡಂ, ಇಲ್ಲೇ ಎಲ್ಲರೂ ಬೀಳೋದು" ಅಂದರು. ನೋಡಿದರೆ ಕಾರಣ ಸ್ಪಷ್ಟವಾಗಿಯೇ ಇತ್ತು. 2/3 ಅನ್ನುವುದನ್ನು ಕನ್ನಡದಲ್ಲಿ "ಮೂರನೇ ಎರಡು" ಅನ್ನುತ್ತೇವೆ. ಕೆಳಗಿನ ಅಂಕಿ ಮೊದಲು, ಮೇಲಿನದು ಆಮೇಲೆ. ಬರೆಯುವಾಗ ಮೇಲಿನ 2 ಮೊದಲು ಬರೆಯುತ್ತಾರೆ, ಬಾಯಲ್ಲಿ "ಟು ಬೈ ತ್ರೀ" ಅಂತಾರೆ, ಅಲ್ಲೂ ಎರಡೇ ಮೊದಲು. ಪ್ರಶ್ನೆಯಲ್ಲಿ "ಮೂರನೇ ಎರಡು" ಅಂತ ಕಂಡಾಗ ಕೇಳಿದ ಕ್ರಮದಲ್ಲೇ 3/2 ಅಂತ ಬರೆದುಬಿಡುತ್ತಾರೆ. ಇದರ ಜೊತೆಗೆ ಈ "ನೇ" ಬೇರೆ. ಮೂರನೇ ಮನೆ, ಮೂರನೇ ಸಾಲು ಅನ್ನುವಾಗ ಅದು ಕ್ರಮ ತೋರಿಸುತ್ತದೆ. "ಮೂರನೇ ಒಂದು ಭಾಗ" ಅನ್ನುವಾಗ ಪಾಲು ತೋರಿಸುತ್ತದೆ. "ತೋಟದ ಮೂರನೇ ಭಾಗ" ಅಂತ ಬರೆದುಬಿಟ್ಟರೆ ಮೂರನೆಯ ತುಂಡು ಅಂತಲೂ ಆಗಬಹುದು, ಮೂರರಲ್ಲಿ ಒಂದು ಪಾಲು ಅಂತಲೂ ಆಗಬಹುದು.

ನಾವು ಮಾಡಿದ್ದು ಎರಡು ಕೆಲಸ. ಒಂದು, ಪಾಲಿನ ಪ್ರಶ್ನೆಯಲ್ಲಿ "ನೇ" ಆದ ಮೇಲೆ ಎಷ್ಟು ಪಾಲು ಅನ್ನುವುದನ್ನು ಬಿಡಲೇ ಇಲ್ಲ. ಒಂದೇ ಪಾಲಾದರೂ "ಮೂರನೇ ಒಂದು ಭಾಗ" ಅಂತಲೇ ಬರೆದೆವು. ಇನ್ನೊಂದು, ಓದುವ ಕ್ರಮವನ್ನೇ ಲೆಕ್ಕದ ಕ್ರಮ ಮಾಡಿಸಿದೆವು. "ಮೂರನೇ" ಅಂತ ಕೇಳಿದ ಕೂಡಲೇ ಮೂರು ಪಾಲು ಮಾಡು. "ಎರಡು" ಅಂತ ಕೇಳಿದ ಮೇಲೆ ಎರಡು ಪಾಲು ತೆಗೆದುಕೊ. ಅಂದರೆ ಕನ್ನಡ ಹೇಳುವ ಕ್ರಮದಲ್ಲೇ ಕೈ ನಡೆಯಬೇಕು: ಮೊದಲು ಭಾಗಾಕಾರ, ಆಮೇಲೆ ಗುಣಾಕಾರ. 24ನ್ನು ಮೂರು ಪಾಲು ಮಾಡಿದರೆ ಪಾಲಿಗೆ 8, ಎರಡು ಪಾಲು 16. ಹೀಗೆ ಮಾಡಿಸಿದಾಗ ತಲೆಕೆಳಗಾಗಿ ಬರೆಯುವುದು ತೀರಾ ಕಡಿಮೆಯಾಯಿತು. ಸಮಾಜ ವಿಜ್ಞಾನದಲ್ಲಿ "ಮೂರನೇ ಎರಡರಷ್ಟು ಬಹುಮತ" ಅಂತ ಓದುತ್ತಾರಲ್ಲ, ಅದೂ ಇದೇ. ಸಂವಿಧಾನ ತಿದ್ದುಪಡಿಗೆ ಸದನದ ಒಟ್ಟು ಸದಸ್ಯರಲ್ಲಿ ಬಹುಮತ ಇರಬೇಕು, ಜೊತೆಗೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟಕ್ಕೆ ಕಡಿಮೆಯಾಗದ ಬೆಂಬಲವೂ ಇರಬೇಕು. 300 ಮಂದಿ ಹಾಜರಿದ್ದು ಮತ ಹಾಕಿದರೆ ಪಾಲಿಗೆ 100, ಎರಡು ಪಾಲು 200. ಒಂದೇ ಮಾತಿನಲ್ಲಿ "ನೇ"ಯೂ ಇದೆ, "ರಷ್ಟು" ಕೂಡ ಇದೆ. ಮಕ್ಕಳು ಇದನ್ನು ಬಿಡಿಸಿದಾಗ ಸರ್ ಮುಖ ಅರಳಿತು.

24 ಅನ್ನುವ ಸಂಖ್ಯೆಯನ್ನು ನಾವು ಬಿಡಲಿಲ್ಲ, ಅದಕ್ಕೆ ಕಾರಣ ಇದೆ. ಈ ಸಂಖ್ಯೆಯಲ್ಲಿ ಮಗು ಏನು ಓದಿಕೊಂಡಿತು ಅನ್ನುವುದು ಉತ್ತರದಲ್ಲೇ ಗೊತ್ತಾಗುತ್ತದೆ. ಮೂರರಷ್ಟು ಅಂದರೆ 72. ಮೂರನೇ ಒಂದು ಅಂದರೆ 8. ಮೂರನೇ ಎರಡು ಅಂದರೆ 16. ಮೂರನೇ ಎರಡು ಕೇಳಿದ ಕಡೆ 36 ಬಂದಿದ್ದರೆ ಮಗು 3/2 ಅಂತ ತಿರುಗಿಸಿ ಓದಿದೆ. 8 ಬಂದಿದ್ದರೆ "ಎರಡು" ಅನ್ನುವುದನ್ನು ಬಿಟ್ಟಿದೆ. 15 ಅಥವಾ 18 ಬಂದಿದ್ದರೆ ಓದಿದ್ದು ಬಹುಶಃ ಸರಿ, ಲೆಕ್ಕದಲ್ಲಿ ಎಡವಿದೆ. ಅದನ್ನು ಗಣಿತದಲ್ಲೇ ತಿದ್ದಬೇಕು. ಸಂಖ್ಯೆ ಆರಿಸುವಾಗ ಬೇರೆ ಬೇರೆ ಓದಿಗೆ ಬೇರೆ ಬೇರೆ ಪೂರ್ಣಸಂಖ್ಯೆ ಬರುವ ಹಾಗೆ ನೋಡಿಕೊಂಡರೆ ತಿದ್ದುವವರಿಗೆ ಅರ್ಧ ಕೆಲಸ ಕಡಿಮೆ.

ಕೊನೆಗೆ ಉಳಿದದ್ದು ಸಾಲಿನ ಪ್ರಶ್ನೆ. ಹಳೆಯ ಪತ್ರಿಕೆಯಲ್ಲಿ ಹೀಗಿತ್ತು: "ಸಾಲಿನಲ್ಲಿ ಎಡದಿಂದ ಗೀತಾಳ ಸ್ಥಾನ ಯಾವುದು?" ಒಬ್ಬ "ಮಧ್ಯ" ಅಂತ ಬರೆದಿದ್ದ, ಇನ್ನೊಬ್ಬಳು "ಕಿಟಕಿಯ ಹತ್ತಿರ" ಅಂತ ಬರೆದಿದ್ದಳು. ಯಾಕೆ ಬರೆಯಬಾರದು? ಸ್ಥಾನ ಅಂದರೆ ಜಾಗ ತಾನೇ. ಕನ್ನಡದಲ್ಲಿ ಇದಕ್ಕೆ ಹೇಳಿ ಮಾಡಿಸಿದ ಪ್ರಶ್ನೆಪದ ಇದೆ: ಎಷ್ಟನೆಯ. "ಗೀತಾ ಎಡದಿಂದ ಎಷ್ಟನೆಯವಳು?" ಅಂತ ಕೇಳಿದರೆ "ಏಳನೆಯವಳು" ಅನ್ನುವುದನ್ನು ಬಿಟ್ಟು ಬೇರೆ ಉತ್ತರಕ್ಕೆ ಜಾಗವೇ ಇಲ್ಲ. ಪ್ರಶ್ನೆಯ ಬಾಲವನ್ನೇ ಉತ್ತರಕ್ಕೂ ಹಚ್ಚಿ ಅಂತ ಮಕ್ಕಳಿಗೆ ಹೇಳಿಕೊಟ್ಟೆ. ಎಷ್ಟು ಅಂದರೆ ಏಳು. ಎಷ್ಟು ಜನ ಅಂದರೆ ಏಳು ಜನ. ಎಷ್ಟನೆಯವಳು ಅಂದರೆ ಏಳನೆಯವಳು. ಎಷ್ಟರಷ್ಟು ಅಂದರೆ ಏಳರಷ್ಟು. ಮೊದಲನೆಯದೊಂದು ಮಾತ್ರ ಸ್ವಲ್ಪ ಬೇರೆ. ಒಂದನೇ ತರಗತಿ ಅನ್ನುತ್ತೇವೆ, ಆದರೆ ಮೊದಲನೇ ಬಹುಮಾನ. ಇಪ್ಪತ್ತೊಂದನೆಯದಕ್ಕೆ ಹೋದರೆ ಆ ಆಯ್ಕೆಯೂ ಇಲ್ಲ, ಅಲ್ಲಿ "ಒಂದನೆಯ" ಮಾತ್ರ. ಸಂಖ್ಯೆ ಎಷ್ಟೇ ಉದ್ದ ಇರಲಿ, "ನೆಯ" ಹತ್ತುವುದು ಕೊನೆಯ ಪದಕ್ಕೆ ಮಾತ್ರ: ಇನ್ನೂರ ಮೂವತ್ತೈದನೆಯ.

ಹೊಸ ಪ್ರಶ್ನೆ ಹೀಗೆ ಬರೆದೆವು: "ಗೀತಾ ಎಡದಿಂದ ಏಳನೆಯವಳು, ಬಲದಿಂದ ಐದನೆಯವಳು. ಸಾಲಿನಲ್ಲಿ ಒಟ್ಟು ಎಷ್ಟು ಜನ?" ಪರೀಕ್ಷೆಗೆ ಮುಂಚೆ ಇದನ್ನು ತರಗತಿಯಲ್ಲಿ ಆಡಿಸಿಯೇ ನೋಡಿದೆವು. ಏಳು ಐದು ಹನ್ನೆರಡು ಅಂತ ಕೂಗಿದವರೇ ಜಾಸ್ತಿ. ಹನ್ನೆರಡು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎಡದಿಂದ ಏಳನೆಯವಳ ಕೈ ಎತ್ತಿಸಿ, ಬಲದಿಂದ ಎಣಿಸಿದರೆ ಅವಳು ಆರನೆಯವಳಾದಳು. ಒಬ್ಬರನ್ನು ಬಲಗಡೆಯಿಂದ ಕಳಿಸಿದ ಮೇಲೆ ಸರಿಹೋಯಿತು. ಅವಳನ್ನು ಎರಡೂ ಕಡೆಯಿಂದ ಎಣಿಸಿದ್ದರಿಂದ ಒಂದು ಕಳೆಯಬೇಕು, ಉತ್ತರ ಹನ್ನೊಂದು. ಆಮೇಲೆ ಅದೇ ಸಾಲಿನಲ್ಲಿ ವಾಕ್ಯ ಬದಲಾಯಿಸಿದೆವು: "ಗೀತಾಳ ಎಡಕ್ಕೆ ಏಳು ಜನ, ಬಲಕ್ಕೆ ಐದು ಜನ." ಈಗ ಅವಳನ್ನು ಯಾರೂ ಎಣಿಸಿಲ್ಲ, ಒಂದು ಕೂಡಿಸಬೇಕು, ಉತ್ತರ ಹದಿಮೂರು. ಏಳನೆಯವಳು ಅಂದಾಗ ಆ ಎಣಿಕೆಯಲ್ಲಿ ಅವಳೂ ಇದ್ದಾಳೆ, ಏಳು ಜನ ಅಂದಾಗ ಅವಳಿಲ್ಲ. ಎರಡು ಪ್ರಶ್ನೆಗಳಲ್ಲೂ 7 ಮತ್ತು 5 ಇವೆ, ಎರಡರಲ್ಲೂ 12 ಉತ್ತರವಲ್ಲ. ಪತ್ರಿಕೆಯಲ್ಲಿ ಎರಡನ್ನೂ ಒಂದರ ಕೆಳಗೊಂದು ಕೊಟ್ಟೆವು.

ಹೊಸ ಪತ್ರಿಕೆಯನ್ನು ತಿದ್ದುವಾಗ ತೋಟದ ಪ್ರಶ್ನೆಗೆ 96 ಒಂದೂ ಬರಲಿಲ್ಲ. ಮೂರನೇ ಎರಡಕ್ಕೆ 36 ಬರೆದವರು ಇನ್ನೂ ಇದ್ದರು, ಆದರೆ ಬೆರಳೆಣಿಕೆಯಷ್ಟು. ಸಾಲಿನ ಜೋಡಿ ಪ್ರಶ್ನೆಯಲ್ಲಿ ಒಂದನ್ನು ಸರಿ ಮಾಡಿ ಇನ್ನೊಂದಕ್ಕೆ 12 ಬರೆದವರೇ ಜಾಸ್ತಿ. ಅವರನ್ನು ಕರೆದು ಪ್ರಶ್ನೆಯನ್ನು ಜೋರಾಗಿ ಓದಿಸುತ್ತಿದ್ದೇವೆ. "ಏಳನೆಯವಳು" ಅನ್ನುವಾಗ "ನೆಯವಳು" ನುಂಗಿ ಬರೀ "ಏಳು" ಅಂತ ಓದುವವರು ಅಲ್ಲೇ ಸಿಗುತ್ತಾರೆ. ಮುಂದಿನ ಪಾಠ ಅನುಪಾತ. "ಎರಡಕ್ಕೆ ಮೂರರಂತೆ", "ಐದರಲ್ಲಿ ಎರಡು", "ತಲಾ ನಾಲ್ಕು", "ಮೂರು ಮೂರರಂತೆ" ಅಂತ ಸರ್ ಆಗಲೇ ಒಂದು ಪಟ್ಟಿ ಕೊಟ್ಟಿದ್ದಾರೆ.